ಮೋಟಾರು ಸುಟ್ಟರೆ ಯಾರನ್ನು ಕೇಳಬೇಕು?

ಏಪ್ರಿಲ್‌ನ ಬಿಸಿಲಲ್ಲಿ ಕೊಳವೆಬಾವಿಯ ಮೋಟಾರು ಸುಟ್ಟಿತು ಎನ್ನಿ. ಹಳ್ಳಿಯವರು ಮೊದಲು ಹುಡುಕುವುದು ನೀರುಗಂಟಿಯನ್ನು, ಆಮೇಲೆ ವಾರ್ಡಿನ ಸದಸ್ಯರನ್ನು. ಕೆಲವರು ನೇರ ಶಾಸಕರ ಮನೆಗೇ ಹೋಗುತ್ತಾರೆ. ಆದರೆ ಕುಡಿಯುವ ನೀರು ಕೊಡುವ ಹೊಣೆ ಕಾನೂನಿನ ಪ್ರಕಾರ ಗ್ರಾಮ ಪಂಚಾಯಿತಿಯದು. ಬೀದಿದೀಪ, ಚರಂಡಿ, ಕಸ ವಿಲೇವಾರಿ, ಮನೆ ಕಂದಾಯ ಕೂಡ ಅದರ ಪಾಲಿಗೇ ಬರುತ್ತವೆ.

ಕರ್ನಾಟಕದಲ್ಲಿ ಈ ವ್ಯವಸ್ಥೆಗೂ ನೀರಿಗೂ ಹಳೆಯ ನಂಟಿದೆ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಅದರ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೆ 1993ರಲ್ಲಿ ಬಂದ ರಾಜ್ಯದ ಕಾಯ್ದೆ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳೆಂಬ ಈಗಿನ ಮೂರು ಹಂತಗಳನ್ನು ಮಾಡಿತು.

ಸುಟ್ಟ ಮೋಟಾರಿಗೆ ಮರಳೋಣ. ನೀರುಗಂಟಿ ಸುದ್ದಿ ಮುಟ್ಟಿಸಿದ ಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಮೆಕ್ಯಾನಿಕ್‌ನನ್ನು ಕರೆಸುತ್ತಾರೆ. ಮೋಟಾರು ಮೇಲೆತ್ತಿಸಿ ರಿವೈಂಡಿಂಗ್‌ಗೆ ಕಳಿಸಬೇಕು. ಅಲ್ಲಿಯವರೆಗೆ ಟ್ಯಾಂಕರೋ, ಪಕ್ಕದ ತೋಟದ ಬೋರ್‌ವೆಲ್ಲೋ ಗತಿ. ಇಷ್ಟು ಪಂಚಾಯಿತಿಯ ಕೈಯಲ್ಲೇ ಆಗುವ ಕೆಲಸ. ಬಾವಿಯೇ ಬತ್ತಿದ್ದರೆ ಮಾತು ಬೇರೆ. ಹೊಸದನ್ನು ಕೊರೆಸಲು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಎಂಜಿನಿಯರುಗಳು ಬರಬೇಕು, ಕಡತ ತಾಲ್ಲೂಕು, ಜಿಲ್ಲೆಯ ಮೇಜುಗಳನ್ನು ದಾಟಬೇಕು. ನದಿಯಿಂದ ಬರುವ ಬಹುಗ್ರಾಮ ಯೋಜನೆಯ ನೀರಾದರೆ, ಊರ ಟ್ಯಾಂಕಿಗೆ ಬಿದ್ದ ನೀರನ್ನು ಮನೆಮನೆಗೆ ಬಿಡುವುದಷ್ಟೇ ಪಂಚಾಯಿತಿಯ ಕೆಲಸ. ಟ್ಯಾಂಕಿಗೇ ನೀರು ಬರಲಿಲ್ಲವೆಂದು ಅಧ್ಯಕ್ಷರನ್ನು ಬೈದು ಫಲವಿಲ್ಲ.

ದುಡ್ಡಿನ ಕಥೆ ಇನ್ನೂ ಬಿಗಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಲಾಗಿತ್ತು. ಅದರಲ್ಲಿ ರಸ್ತೆ ಮಾಡುವಂತಿರಲಿಲ್ಲ. ಹೀಗೆ ಕಟ್ಟಿಲ್ಲದ ಹಣವೆಂದರೆ ಮುಖ್ಯವಾಗಿ ಮನೆ ಕಂದಾಯ, ನೀರಿನ ಶುಲ್ಕ. ವಸೂಲಿ ಬಿದ್ದುಹೋದ ಪಂಚಾಯಿತಿಯಲ್ಲಿ ಪಂಪು, ಬೀದಿದೀಪಗಳ ಕರೆಂಟ್ ಬಿಲ್ ಬಾಕಿ ಬೆಳೆಯುತ್ತದೆ, ಮೋಟಾರು ರಿಪೇರಿಯವನು ಹಳೆ ಲೆಕ್ಕ ತೀರಿಸಿ ಎನ್ನುತ್ತಾನೆ. ಊರಿನ ಪರಿಸ್ಥಿತಿ ತಿಳಿಯಬೇಕೆಂದರೆ ಗ್ರಾಮಸಭೆಯಲ್ಲಿ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿಯನ್ನು ಓದಿಸಿದರೆ ಸಾಕು. ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಆದರೆ ಎಷ್ಟೋ ಕಡೆ ಜನ ಬರುವುದು ಮನೆ ಹಂಚಿಕೆಯ ಫಲಾನುಭವಿ ಪಟ್ಟಿ ಓದುವ ದಿನ ಮಾತ್ರ.

ಮೇಲಿನ ಎರಡು ಹಂತಗಳಲ್ಲಿ ಇನ್ನೊಂದು ತೊಡಕಿದೆ. 2016ರಲ್ಲಿ ಆಯ್ಕೆಯಾದ ತಾಲ್ಲೂಕು, ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿಯ ತಕರಾರಿನಲ್ಲಿ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಗಿ ಆಡಳಿತಾಧಿಕಾರಿಗಳೇ ಕೂತರು. ಹೊಸ ಕೊಳವೆಬಾವಿಯ ಕಡತ ಜಿಲ್ಲೆಯಲ್ಲಿ ನಿಂತರೆ, ಅದರ ಬೆನ್ನುಹತ್ತಲು ಊರಿನವರು ಮತ ಹಾಕಿದ ಒಬ್ಬ ಸದಸ್ಯನೂ ಅಲ್ಲಿರಲಿಲ್ಲ.