ಎಳೆಯದೆ ಹಿಡಿಯುವ ಮೂವತ್ತು ಪುಟ

ವರ್ಡ್‌ನಲ್ಲಿ ಹತ್ತಾರು ಪುಟಗಳನ್ನು ಒಟ್ಟಿಗೆ ಸೆಲೆಕ್ಟ್ ಮಾಡಬೇಕಾದಾಗ ಹೆಚ್ಚಿನವರು ಮೌಸ್ ಗುಂಡಿಯನ್ನು ಒತ್ತಿಹಿಡಿದು ಕೆಳಕ್ಕೆ ಎಳೆಯತೊಡಗುತ್ತಾರೆ. ಬಾಣದ ಗುರುತು ಪರದೆಯ ಅಂಚು ಮುಟ್ಟಿದ ಕೂಡಲೇ ಪುಟಗಳು ತಾವಾಗಿಯೇ ಓಡುತ್ತವೆ. ಬೇಕಾದ ಸಾಲು ಬಂದಾಗ ನಿಲ್ಲಿಸಲು ಆಗುವುದಿಲ್ಲ, ಹಿಂದಕ್ಕೆ ತಂದರೆ ಮೇಲಕ್ಕೆ ಜಾರುತ್ತದೆ. ನಡುವೆ ಬೆರಳು ಸಡಿಲಾಗಿ ಇನ್ನೊಮ್ಮೆ ಕ್ಲಿಕ್ ಮಾಡಿದರೆ ಅಷ್ಟೂ ಹೋಯಿತು, ಮೊದಲಿನಿಂದ ಶುರು. ಪುಸ್ತಕದ ಹಸ್ತಪ್ರತಿ ತಿದ್ದುವವರಿಗೂ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೂ ಈ ಪಾಡು ಚೆನ್ನಾಗಿ ಗೊತ್ತು.

ಸೆಲೆಕ್ಟ್ ಆದ ಭಾಗಕ್ಕೆ ಎರಡು ತುದಿಗಳಿವೆ. ಆರಂಭಿಸಿದ ತುದಿ ಅಲ್ಲಾಡುವುದಿಲ್ಲ, ಇನ್ನೊಂದು ಕರ್ಸರ್ ಹೋದಲ್ಲೆಲ್ಲ ಹೋಗುತ್ತದೆ. ಗೂಟಕ್ಕೆ ಕಟ್ಟಿದ ಹಗ್ಗದ ಹಾಗೆ. ಮೌಸ್ ಎಳೆಯುವಾಗ ಆ ಗೂಟ ಉಳಿಯಬೇಕಾದರೆ ನಮ್ಮ ಬೆರಳು ಗುಂಡಿಯ ಮೇಲೇ ಇರಬೇಕು. ಕೀಬೋರ್ಡಿನ F8 ಕೀ ಈ ಹೊರೆಯನ್ನು ಬೆರಳಿನಿಂದ ಇಳಿಸುತ್ತದೆ. ಅದನ್ನು ಒಮ್ಮೆ ಒತ್ತಿಬಿಟ್ಟರೆ ಕರ್ಸರ್ ಇದ್ದ ಜಾಗದಲ್ಲಿ ಗೂಟ ನೆಟ್ಟಂತೆ. ಆಮೇಲೆ ಯಾವ ಕೀಯನ್ನೂ ಒತ್ತಿಹಿಡಿಯಬೇಕಿಲ್ಲ. ಕರ್ಸರ್ ಅನ್ನು ಹೇಗೆ ಸರಿಸಿದರೂ ನಡುವಿನದೆಲ್ಲ ಸೆಲೆಕ್ಟ್ ಆಗುತ್ತದೆ.

ಒಂದು ಉದಾಹರಣೆ ನೋಡೋಣ. ಕಾದಂಬರಿಯೊಂದರ ಹಸ್ತಪ್ರತಿಯಲ್ಲಿ ಮೂರನೆಯ ಅಧ್ಯಾಯ 38ನೆಯ ಪುಟದಲ್ಲಿ ಶುರುವಾಗಿ 71ನೆಯ ಪುಟದ ನಡುವೆ ಮುಗಿಯುತ್ತದೆ. ಅದಷ್ಟನ್ನೂ ಬೇರೆ ಫೈಲಿಗೆ ಒಯ್ಯಬೇಕು. ಅಧ್ಯಾಯದ ಹೆಸರಿನ ಮೊದಲ ಅಕ್ಷರದ ಹಿಂದೆ ಕರ್ಸರ್ ಇಟ್ಟು F8 ಒತ್ತಿ. ಬಳಿಕ Ctrl+G ಒತ್ತಿದರೆ ಪುಟಸಂಖ್ಯೆ ಕೇಳುವ ಪುಟ್ಟ ಚೌಕ ತೆರೆದುಕೊಳ್ಳುತ್ತದೆ. ಅಲ್ಲಿ 71 ಎಂದು ಬರೆದು Enter ಒತ್ತಿ. ಕರ್ಸರ್ 71ನೆಯ ಪುಟದ ತಲೆಗೆ ಜಿಗಿಯುತ್ತದೆ, 38ರಿಂದ ಅಲ್ಲಿಯವರೆಗಿನ ಎಲ್ಲವೂ ಸೆಲೆಕ್ಟ್ ಆಗಿರುತ್ತದೆ. Esc ಒಮ್ಮೆ ಒತ್ತಿ ಚೌಕವನ್ನು ಮುಚ್ಚಿ.

ಇನ್ನು ಅರ್ಧ ಪುಟ ಬಾಕಿ. ಗೂಟ ಇನ್ನೂ ಇದೆಯಾದ್ದರಿಂದ ಕೆಳಬಾಣದ ಕೀ ಒತ್ತಿದಂತೆ ಒಂದೊಂದೇ ಸಾಲು ಸೇರಿಕೊಳ್ಳುತ್ತದೆ. Enter ಒತ್ತಿದರೆ ಪ್ಯಾರಾದ ಕೊನೆಯವರೆಗೆ, ಪೂರ್ಣವಿರಾಮದ ಕೀ ಒತ್ತಿದರೆ ಮುಂದಿನ ಪೂರ್ಣವಿರಾಮದವರೆಗೆ ಹಬ್ಬುತ್ತದೆ. ಹೆಚ್ಚಾಯಿತೆಂದರೆ ಮೇಲ್ಬಾಣ ಒತ್ತಿ ಹಿಂದಕ್ಕೆ ಬರಬಹುದು. ಹೀಗೆ ಕೊನೆಯ ತುದಿಯನ್ನು ಅವಸರವಿಲ್ಲದೆ, ಕಣ್ಣಿಟ್ಟು ಹೊಂದಿಸಬಹುದು. ನನ್ನ ಮಟ್ಟಿಗೆ ಈ ವಿಧಾನದ ನಿಜವಾದ ಲಾಭ ಇದೇ. ಕೊನೆಗೆ Ctrl+X ಅಥವಾ Ctrl+C ಒತ್ತಿದರೆ ಕೆಲಸ ಮುಗಿಯಿತು.

ತೊಡಕುಗಳೂ ಇವೆ. F8 ಅನ್ನು ಎರಡು ಸಲ ಒತ್ತಿದರೆ ಒಂದು ಪದ, ಮೂರು ಸಲ ಒತ್ತಿದರೆ ಒಂದು ವಾಕ್ಯ ಸೆಲೆಕ್ಟ್ ಆಗುತ್ತದೆ. ಆದ್ದರಿಂದ ಒಮ್ಮೆ ಮಾತ್ರ ಒತ್ತಬೇಕು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀ ಬೇರೆ ಕೆಲಸಕ್ಕೆ ಮೀಸಲಾಗಿರುತ್ತದೆ, ಅಲ್ಲಿ Fn ಜೊತೆಗೆ ಒತ್ತಬೇಕು. ಗೂಟ ನಿಜಕ್ಕೂ ಬಿದ್ದಿದೆಯೇ ಎಂದು ತಿಳಿಯಲು ವರ್ಡ್ ಕಿಟಕಿಯ ಕೆಳಪಟ್ಟಿಯ ಮೇಲೆ ಬಲಗ್ಲಿಕ್ ಮಾಡಿ Selection Mode ಎಂಬುದನ್ನು ಆರಿಸಿಡಿ. ಅಂದಿನಿಂದ F8 ಒತ್ತಿದಾಗಲೆಲ್ಲ ಅಲ್ಲಿ Extend Selection ಎಂದು ಕಾಣಿಸುತ್ತದೆ. ಅದೇ ಪಟ್ಟಿಯಲ್ಲಿ ಸೆಲೆಕ್ಟ್ ಆದ ಪದಗಳ ಎಣಿಕೆಯೂ ಸಿಗುತ್ತದೆ. ಮೂವತ್ತಮೂರು ಪುಟ ಹಿಡಿದಿರುವಾಗ ಆ ಎಣಿಕೆ ಕೆಲವೇ ನೂರು ತೋರಿಸಿದರೆ ಗೂಟ ತಪ್ಪಾದ ಕಡೆ ಬಿದ್ದಿದೆ ಎಂದರ್ಥ.

ಎಲ್ಲಕ್ಕಿಂತ ಎಚ್ಚರ ಬೇಕಾದ್ದು Esc ವಿಷಯದಲ್ಲಿ. ಚೌಕ ಮುಚ್ಚಿದ ಮೇಲೆ ಇನ್ನೊಮ್ಮೆ Esc ಒತ್ತಿದರೆ ಗೂಟ ಕಿತ್ತುಬರುತ್ತದೆ, ಸೆಲೆಕ್ಟ್ ಆದದ್ದು ಮಾತ್ರ ಹಾಗೆಯೇ ಉಳಿಯುತ್ತದೆ. ಆಗ ಬಾಣದ ಕೀ ಮುಟ್ಟಿದರೆ ಆಯ್ಕೆ ಮಾಯ. ಒಂದು ಅಕ್ಷರ ಟೈಪಾದರಂತೂ ಅಷ್ಟೂ ಪುಟಗಳ ಜಾಗದಲ್ಲಿ ಆ ಒಂದು ಅಕ್ಷರ ಕೂರುತ್ತದೆ. ಗಾಬರಿಯಿಂದ ಫೈಲ್ ಮುಚ್ಚಬೇಡಿ, ತಕ್ಷಣ Ctrl+Z ಒತ್ತಿ, ಎಲ್ಲ ವಾಪಸು ಬರುತ್ತದೆ.

ಲಿಬ್ರೆಆಫೀಸ್ ರೈಟರ್‌ನಲ್ಲೂ F8ಗೆ ಇದೇ ಕೆಲಸವಿದೆ. ಗೂಗಲ್ ಡಾಕ್ಸ್‌ನಲ್ಲಿ, ಇಮೇಲಿನಲ್ಲಿ, ಬ್ರೌಸರಿನಲ್ಲಿ ಅದಿಲ್ಲ. ಅಲ್ಲಿ ಆರಂಭದಲ್ಲಿ ಒಮ್ಮೆ ಕ್ಲಿಕ್ ಮಾಡಿ, ಕೊನೆಯವರೆಗೆ ಸ್ಕ್ರೋಲ್ ಮಾಡಿ, Shift ಹಿಡಿದು ಅಲ್ಲಿ ಕ್ಲಿಕ್ ಮಾಡಿದರೆ ಸಾಕು. ಸ್ಕ್ರೋಲ್ ಮಾಡಲು ಮೌಸಿನ ಚಕ್ರವನ್ನೇ ಬಳಸಿ. ಬರೆಯುವ ಪುಟದಲ್ಲಿ Page Down ಒತ್ತಿದರೆ ಕರ್ಸರ್ ಕೂಡ ಜೊತೆಗೆ ಸರಿಯುತ್ತದೆ, ಆರಂಭದ ತುದಿ ಕಳೆದುಹೋಗುತ್ತದೆ. ಕೊನೆಯ ಸಾಲು ತಪ್ಪಿದ್ದರೆ Shift ಹಿಡಿದೇ ಸರಿಯಾದ ಜಾಗದಲ್ಲಿ ಮತ್ತೆ ಕ್ಲಿಕ್ ಮಾಡಬಹುದು, ಮೊದಲ ತುದಿ ಇದ್ದಲ್ಲೇ ಇರುತ್ತದೆ.