ಹೆಸರಿನ ಕೆಳಗೆ ಒತ್ತಕ್ಷರಕ್ಕೂ ಜಾಗ ಬೇಕು

ಸಂದರ್ಶನದ ವಿಡಿಯೋದಲ್ಲಿ ಮಾತನಾಡುವವರ ಹೆಸರು ಪರದೆಯ ಕೆಳಭಾಗದಲ್ಲಿ ಮೂಡಿ ಮರೆಯಾಗುತ್ತದಲ್ಲ, ಎಡಿಟಿಂಗ್ ಕೋಣೆಯಲ್ಲಿ ಅದಕ್ಕೆ ಲೋವರ್ ಥರ್ಡ್ ಎನ್ನುತ್ತಾರೆ. ಸಿದ್ಧವಾಗಿ ಸಿಗುವ ಟೆಂಪ್ಲೇಟುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದವು. ಅವುಗಳಲ್ಲಿ ಕನ್ನಡದ ಹೆಸರು ತುಂಬಿದರೆ ಮೊದಲು ಪೆಟ್ಟು ತಿನ್ನುವುದು ಒತ್ತಕ್ಷರ.

ಸಾಲುಮರದ ತಿಮ್ಮಕ್ಕನವರ ಹಳೆಯ ಸಂದರ್ಶನವೊಂದಕ್ಕೆ ಹೆಸರು ಹಾಕಬೇಕಿದೆ ಎಂದುಕೊಳ್ಳಿ. ಮೇಲಿನ ಸಾಲಿನಲ್ಲಿ ಹೆಸರು. ಕೆಳಗಿನ ಸಾಲಿಗೆ ಪ್ರಶಸ್ತಿಗಳ ಪಟ್ಟಿ ಬೇಡ. ‘ಹುಲಿಕಲ್–ಕುದೂರು ರಸ್ತೆಯ ಆಲದ ಮರ ಬೆಳೆಸಿದವರು’ ಎಂದರೆ ಅವರ ಮಾತನ್ನು ಏಕೆ ಕೇಳಬೇಕೆಂಬುದು ತಿಳಿಯುತ್ತದೆ. ‘ತಿಮ್ಮಕ್ಕ’ದ ಎರಡು ಒತ್ತುಗಳು ಕೆಳಗಿಳಿಯುತ್ತವೆ, ‘ಹುಲಿಕಲ್’ನ ಗುಡಿಸು ಮೇಲೇರುತ್ತದೆ. ಸಾಲುಗಳು ಹತ್ತಿರವಿದ್ದರೆ ಇವೆರಡೂ ಅಂಟಿಕೊಂಡು ಹೆಸರೇ ಕಲಸಿಹೋಗುತ್ತದೆ. ಸಾಲಿನ ಅಂತರವನ್ನು ಅಕ್ಷರದ ಅಳತೆಯ ಸುಮಾರು ಒಂದೂವರೆ ಪಟ್ಟು ಇಟ್ಟು, ಹಿಂದಿನ ಬಣ್ಣದ ಪಟ್ಟಿಯನ್ನೂ ಅಷ್ಟೇ ಎತ್ತರಿಸಬೇಕು. ಒತ್ತಕ್ಷರ ಕೆಳಗಿಳಿಯದೆ ‘ತಿಮ್‌ಮಕ್‌ಕ’ ಎಂದು ಒಡೆದು ಕಂಡರೆ ತಪ್ಪು ಅಂತರದ್ದಲ್ಲ, ಸಾಫ್ಟ್‌ವೇರಿನದು. ಅಡೋಬಿ ಪ್ರೀಮಿಯರ್‌ನಲ್ಲಾದರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇದೆ. ಅದನ್ನು ಆರಿಸಿ, ಯೂನಿಕೋಡ್ ಫಾಂಟ್ ಬಳಸಬೇಕು.

1920×1080 ಚೌಕಟ್ಟಿನಲ್ಲಿ ಪ್ರತಿ ಅಂಚಿನಿಂದ ಶೇ. 5ರಷ್ಟು ಜಾಗ ಬಿಡುವುದು ಟಿವಿಯವರ ಈಗಿನ ರೂಢಿ: ಪಕ್ಕದಲ್ಲಿ 96 ಪಿಕ್ಸೆಲ್, ಕೆಳಗೆ 54. ತಿಮ್ಮಕ್ಕ ಬಲಗಡೆ ಕುಳಿತು ಎಡಕ್ಕೆ ನೋಡುತ್ತಿದ್ದರೆ ಎಡದ ಖಾಲಿ ಜಾಗವೇ ಹೆಸರಿಗೆ ಸರಿ. ಗಲ್ಲ, ಕೈಗಳ ಮೇಲೆ ಪಟ್ಟಿ ಬರಬಾರದು. ಮಾತಿನ ಅರ್ಧ ಕೈಯಲ್ಲೇ ಇರುತ್ತದೆ. ಸಬ್‌ಟೈಟಲ್ ಇದ್ದರೆ, ಹೆಸರು ಇರುವಷ್ಟು ಹೊತ್ತು ಅದನ್ನು ಪಟ್ಟಿಗಿಂತ ಮೇಲಕ್ಕೆ ಸರಿಸಿ.

ಅಕ್ಷರ ಎಷ್ಟು ದೊಡ್ಡದಿರಬೇಕು? ಲೆಕ್ಕ ಹಾಕೋಣ. ನೆಟ್ಟಗೆ ಹಿಡಿದ ಮೊಬೈಲಿನಲ್ಲಿ ಅಡ್ಡ ವಿಡಿಯೋದ ಅಗಲ ಸುಮಾರು ಆರೂವರೆ ಸೆಂಟಿಮೀಟರ್. ಅಲ್ಲಿ 54 ಪಿಕ್ಸೆಲ್ ಎಂದರೆ ಎರಡು ಮಿಲಿಮೀಟರಿಗೂ ಕಡಿಮೆ, ಒತ್ತಕ್ಷರ ಇನ್ನೂ ಚಿಕ್ಕದು. ಹಾಗಾಗಿ ಹೆಸರನ್ನು 60ಕ್ಕಿಂತ ಕಿರಿದು ಮಾಡಲು ನಾನು ಒಪ್ಪುವುದಿಲ್ಲ. ಸಣಕಲು ಗೆರೆಯ ಫಾಂಟ್ ಬೇಡವೇ ಬೇಡ. ನೋಟೊ ಸಾನ್ಸ್ ಕನ್ನಡದ ದಪ್ಪ ರೂಪ ಸಾಕು. ಬಿಳಿ ಅಕ್ಷರದ ಹಿಂದೆ ಗಾಢ ಪಟ್ಟಿ ಇರಲಿ, ಇಲ್ಲದಿದ್ದರೆ ಬಿಳಿ ಸೀರೆ ಅಥವಾ ಬಿಸಿಲಿನ ಗೋಡೆ ಬಂದಾಗ ಹೆಸರು ಕಾಣದು.

ಇನ್ನು ಸಮಯ. ಅವರು ಮಾತು ಶುರುಮಾಡಿ ಒಂದು ಸೆಕೆಂಡಿನ ನಂತರ ಹೆಸರು ಬರಲಿ. ನೋಡುವವರು ಮೊದಲು ಮುಖ ಕಾಣಲಿ. ಎರಡೂ ಸಾಲನ್ನು ನಿಧಾನವಾಗಿ ಎರಡು ಸಲ ಓದಿಕೊಳ್ಳಿ: ತಿಮ್ಮಕ್ಕನವರ ಪಟ್ಟಿಗೆ ಸುಮಾರು ಏಳು ಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತು ಅದು ಅಲುಗಾಡದೆ ನಿಲ್ಲಬೇಕು. ಜಾರಿ ಬರುವ, ಹೋಗುವ ಅನಿಮೇಶನ್ನಿನ ಹೊತ್ತು ಇದರಲ್ಲಿ ಸೇರಿಲ್ಲ. ಆ ಶಾಟ್ ನಾಲ್ಕೇ ಸೆಕೆಂಡಿನದಾಗಿದ್ದರೆ ಮುಂದಿನ ಉದ್ದದ ಶಾಟ್‌ಗೆ ಕಾಯಿರಿ. ಇಲ್ಲದಿದ್ದರೆ ದೃಶ್ಯ ಪ್ರಶ್ನೆ ಕೇಳುವವರತ್ತ ಬದಲಾದಾಗ ತಿಮ್ಮಕ್ಕನವರ ಹೆಸರು ಅವರ ಎದೆಯ ಮೇಲೆ ಉಳಿದುಬಿಡುತ್ತದೆ.