ಎಂಬತ್ತರ ಕಣ್ಣಿನಲ್ಲಿ ಇವತ್ತಿನ ನೌಕರಿ

1994ರಲ್ಲಿ ಜೆಫ್ ಬೆಜೋಸ್ ನ್ಯೂಯಾರ್ಕಿನ ಹೂಡಿಕೆ ಸಂಸ್ಥೆಯೊಂದರ ದೊಡ್ಡ ಹುದ್ದೆಯಲ್ಲಿದ್ದರು. ಇಂಟರ್‌ನೆಟ್‌ನಲ್ಲಿ ಪುಸ್ತಕ ಮಾರುವ ಆಸೆ. ವರ್ಷದ ನಡುವೆ ಕೆಲಸ ಬಿಟ್ಟರೆ ಬೋನಸ್ ಖೋತಾ. ಎಂಬತ್ತರ ವಯಸ್ಸಿನಲ್ಲಿ ಯಾವುದಕ್ಕೆ ಕೊರಗುತ್ತೇನೆ ಎಂದು ಕೇಳಿಕೊಂಡರು. ಬೋನಸ್ ಆಗ ನೆನಪಿರುವುದಿಲ್ಲ, ಪ್ರಯತ್ನಿಸದೇ ಉಳಿದದ್ದು ಕಾಡುತ್ತದೆ ಅನ್ನಿಸಿತು.

ಈ ಪ್ರಶ್ನೆ ಮೊದಲೇ ಸಾಹಸದ ಕಡೆ ವಾಲಿರುತ್ತದೆ. ಸೋತವರನ್ನು ಯಾರೂ ಸಂದರ್ಶಿಸುವುದಿಲ್ಲ ನೋಡಿ! ಹಾಗಾಗಿ ಇನ್ನೊಂದನ್ನೂ ಕೇಳಬೇಕು: ವಾಪಸ್ ಬರಬಹುದೇ? ಮುಂದೆ ಷೇರುದಾರರಿಗೆ ಬರೆದ ಪತ್ರದಲ್ಲಿ ಬೆಜೋಸ್ ನಿರ್ಧಾರಗಳನ್ನು ಒಮ್ಮುಖ ಮತ್ತು ಇಮ್ಮುಖ ಬಾಗಿಲುಗಳೆಂದು ವಿಂಗಡಿಸಿದರು. ಅನುಭವವುಳ್ಳವರು ಕೆಲಸ ಬಿಡುವುದು ಬಹುಮಟ್ಟಿಗೆ ಇಮ್ಮುಖ, ಮತ್ತೊಂದು ನೌಕರಿ ಸಿಕ್ಕೀತು. ಅದಕ್ಕಾಗಿ ಇರುವ ಒಂದೇ ಮನೆಯನ್ನು ಅಡವಿಟ್ಟರೆ ಅದು ಒಮ್ಮುಖ. ಬೆಜೋಸ್ ಅವರ ಹೆತ್ತವರೂ ಹಣ ಹಾಕಿದ್ದರು. ಅದು ಮುಳುಗುವ ಸಾಧ್ಯತೆ ಶೇ. 70 ಎಂದು ಮಗ ಮೊದಲೇ ಹೇಳಿದ್ದರು.